ಅಲ್ಪಜನ ಸ್ವಾಮ್ಯದಲ್ಲಿ ದರ ಸಮರ ಏಕೆ ಅಪರೂಪ? ಮೊಬೈಲ್ ರೀಚಾರ್ಜ್ ಹಿಡಿದು ಒಂದು ಟಿಪ್ಪಣಿ

2024ರ ಜೂನ್ 27ರಂದು ಜಿಯೊ ದರ ಏರಿಸುವುದಾಗಿ ಪ್ರಕಟಿಸಿತು. ಮರುದಿನವೇ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕೂಡ ಏರಿಕೆ ಪ್ರಕಟಿಸಿದವು. 28 ದಿನದ ಕನಿಷ್ಠ ಡೇಟಾ ಪ್ಯಾಕ್ ಜಿಯೊದಲ್ಲಿ 155 ರೂಪಾಯಿಯಿಂದ 189ಕ್ಕೆ, ಉಳಿದೆರಡರಲ್ಲಿ 179ರಿಂದ 199ಕ್ಕೆ ಹೋಯಿತು. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಾಗ ನಮ್ಮಲ್ಲಿ ಹಲವರು "ಅವರೆಲ್ಲ ಒಳಗೊಳಗೇ ಮಾತಾಡಿಕೊಂಡಿರುತ್ತಾರೆ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಆದರೆ ಯಾರೂ ಯಾರೊಂದಿಗೂ ಮಾತಾಡದೆಯೇ ಹೀಗಾಗಬಹುದು. ಕೆಲವೇ ಕಂಪನಿಗಳು ಮಾರುಕಟ್ಟೆಯನ್ನು ಹಂಚಿಕೊಂಡಿರುವ ಅಲ್ಪಜನ ಸ್ವಾಮ್ಯದ ಪಾಠದ ತಿರುಳು ಅದೇ.

ಎರಡೇ ಕಂಪನಿಗಳಿವೆ ಎಂದುಕೊಳ್ಳಿ (ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟವು). ಇಬ್ಬರೂ ಹೆಚ್ಚಿನ ದರ ಇಟ್ಟರೆ ತಲಾ ತಿಂಗಳಿಗೆ 100 ಕೋಟಿ ಲಾಭ. ಒಬ್ಬ ಮಾತ್ರ ಇಳಿಸಿದರೆ ಎದುರಾಳಿಯ ಗ್ರಾಹಕರು ಬಂದು ಅವನ ಲಾಭ 150 ಕೋಟಿ, ಸುಮ್ಮನಿದ್ದವನದು 30. ಇಬ್ಬರೂ ಇಳಿಸಿದರೆ ತಲಾ 60. ಆಟ ಒಂದೇ ತಿಂಗಳದ್ದಾದರೆ ಇಳಿಸುವುದೇ ಜಾಣತನ. ಏಕೆಂದರೆ ಎದುರಾಳಿ ಏನೇ ಮಾಡಲಿ, ಇಳಿಸಿದವನಿಗೆ ಹೆಚ್ಚು ಸಿಗುತ್ತದೆ: 100ರ ಬದಲು 150, ಇಲ್ಲವೇ 30ರ ಬದಲು 60. ಆಟದ ಸಿದ್ಧಾಂತದಲ್ಲಿ ಇದನ್ನು ಕೈದಿಗಳ ಇಕ್ಕಟ್ಟು ಎನ್ನುತ್ತಾರೆ.

ಆದರೆ ಇವರು ಮುಂದಿನ ತಿಂಗಳೂ ಅದೇ ಮಾರುಕಟ್ಟೆಯಲ್ಲಿ ಮುಖಾಮುಖಿ ಆಗಲೇಬೇಕು. ಇಳಿಸಿದವನಿಗೆ ಮೊದಲ ತಿಂಗಳು 50 ಕೋಟಿ ಹೆಚ್ಚುವರಿ ಬರುತ್ತದೆ. ಎರಡನೇ ತಿಂಗಳಿನಿಂದ ಎದುರಾಳಿಯೂ ಇಳಿಸುವುದರಿಂದ 100ರ ಜಾಗದಲ್ಲಿ 60, ಅಂದರೆ ಪ್ರತಿ ತಿಂಗಳು 40 ಕೋಟಿ ನಷ್ಟ. ಮೂರನೇ ತಿಂಗಳು ಮುಗಿಯುವಷ್ಟರಲ್ಲಿ ನಷ್ಟ 80 ಕೋಟಿ ಆಗಿ, ಗಳಿಸಿದ 50 ಕೋಟಿಯನ್ನು ನುಂಗಿರುತ್ತದೆ. ಎದುರಾಳಿಗೆ ವಿಷಯ ತಿಳಿಯಲು ಆರು ತಿಂಗಳು ಬೇಕಿದ್ದರೆ? ಆಗ ಗಳಿಕೆ 300 ಕೋಟಿ. ಅದು ಕರಗಲು ಮತ್ತೆ ಏಳೂವರೆ ತಿಂಗಳು ಬೇಕು. ಆಸೆಗೆ ಬೀಳುವವರು ಆಗ ಇದ್ದೇ ಇರುತ್ತಾರೆ.

ಹಾಗಾಗಿ ಗಮನಿಸಬೇಕಾದದ್ದು ಕಂಪನಿಗಳ ಸಂಖ್ಯೆಯನ್ನಷ್ಟೇ ಅಲ್ಲ, ದರ ಇಳಿಸಿದ್ದು ಎಷ್ಟು ಬೇಗ ಎದುರಾಳಿಯ ಕಣ್ಣಿಗೆ ಬೀಳುತ್ತದೆ ಎಂಬುದನ್ನು. ರೀಚಾರ್ಜ್ ದರ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಸಾಲದ್ದಕ್ಕೆ, ಹೊಸ ದರವನ್ನು ಏಳು ಕೆಲಸದ ದಿನಗಳೊಳಗೆ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ಗೆ ವರದಿ ಮಾಡಬೇಕು. ಗ್ರಾಹಕರ ಹಿತಕ್ಕಾಗಿ ಇರುವ ಈ ಪಾರದರ್ಶಕತೆ ಕಂಪನಿಗಳಿಗೆ ಪರಸ್ಪರ ಕಾವಲು ಕಾಯಲೂ ಒದಗುತ್ತದೆ ಎಂಬುದು ಸ್ವಲ್ಪ ತಮಾಷೆಯ ಸಂಗತಿ. ಗುಟ್ಟಾಗಿ ರಿಯಾಯಿತಿ ಕೊಡಬಹುದಾದ ಸಗಟು ವ್ಯಾಪಾರಗಳಲ್ಲಿ ಇಂಥ ಸಂಯಮ ಬೇಗ ಮುರಿಯುತ್ತದೆ.

ಪಠ್ಯದಲ್ಲಿ ಬರುವ, 1939ರಲ್ಲಿ ಪಾಲ್ ಸ್ವೀಜಿ ಮಂಡಿಸಿದ, ನಡುವೆ ಮುರಿದ ಬೇಡಿಕೆ ರೇಖೆ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ನಾನು ಇಳಿಸಿದರೆ ಎಲ್ಲರೂ ಇಳಿಸುತ್ತಾರೆ, ಏರಿಸಿದರೆ ಯಾರೂ ಹಿಂಬಾಲಿಸುವುದಿಲ್ಲ, ಆದ್ದರಿಂದ ದರ ಇದ್ದಲ್ಲೇ ಇರುತ್ತದೆ ಎಂಬುದು ವಾದ. ಮೊದಲರ್ಧ ಒಪ್ಪಬಹುದು. ಎರಡನೆಯದು 2024ರ ಜೂನ್‌ನಲ್ಲಿ ನಿಲ್ಲಲಿಲ್ಲ, ಒಬ್ಬರು ಏರಿಸಿದ ಮರುದಿನವೇ ಉಳಿದವರು ಹಿಂಬಾಲಿಸಿದರು. ಅದೂ ಅಲ್ಲದೆ ಆ ದರ ಮೊದಲು ಎಲ್ಲಿಂದ ಬಂತು ಎಂಬುದನ್ನು ಈ ರೇಖೆ ಹೇಳುವುದೇ ಇಲ್ಲ. ಚಿತ್ರ ಬಿಡಿಸಿ ಅಂಕ ಗಿಟ್ಟಿಸಿಕೊಳ್ಳಿ, ಆದರೆ ಅದನ್ನೇ ಪೂರ್ಣ ಉತ್ತರ ಎಂದುಕೊಳ್ಳಬೇಡಿ.

ಹಾಗಾದರೆ 2016ರಲ್ಲಿ ಅಷ್ಟು ಘೋರ ದರ ಸಮರ ನಡೆದದ್ದು ಹೇಗೆ? ಮೇಲಿನ ಲೆಕ್ಕಕ್ಕೇ ಮರಳಿ. ಸಂಯಮ ತೋರುವವನಿಗೆ ಕಳೆದುಕೊಳ್ಳಲು 100 ಕೋಟಿ ಇದೆ. ಆ ಸೆಪ್ಟೆಂಬರ್‌ನಲ್ಲಿ ಸೇವೆ ಶುರುಮಾಡಿದ ಜಿಯೊಗೆ ಕಾಪಾಡಿಕೊಳ್ಳಬೇಕಾದ ಹಳೆಯ ಲಾಭವೇ ಇರಲಿಲ್ಲ. ಜಾಲಕ್ಕೆ ಹಣ ಸುರಿದಾಗಿತ್ತು, ಬೇಕಾದದ್ದು ಗ್ರಾಹಕರು. ಆದ್ದರಿಂದ ಕೆಲವು ತಿಂಗಳು ಉಚಿತವಾಗಿಯೇ ಕೊಟ್ಟಿತು. ಏರ್‌ಸೆಲ್ ದಿವಾಳಿ ಎದ್ದಿತು, ಟೆಲಿನಾರ್‌ನ ಭಾರತದ ವ್ಯವಹಾರ ಏರ್‌ಟೆಲ್‌ಗೆ ಸೇರಿತು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಖಾಸಗಿ ವಲಯದಲ್ಲಿ ಮೂವರು ದೊಡ್ಡವರು ಉಳಿದು, ಜಿಯೊಗೂ ಉಳಿಸಿಕೊಳ್ಳಬೇಕಾದ ಆದಾಯ ಬೆಳೆದ ಮೇಲೆ, 2019ರ ಡಿಸೆಂಬರ್‌ನ ಮೊದಲ ವಾರದಲ್ಲಿ ಮೂವರೂ ದರ ಏರಿಸಿದರು.

ಕಾನೂನಿನ ದೃಷ್ಟಿಯಲ್ಲಿ ವ್ಯತ್ಯಾಸ ಸೂಕ್ಷ್ಮ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುವುದು ಸ್ಪರ್ಧೆ ಕೆಡಿಸುವ ಒಪ್ಪಂದವನ್ನು. ದರಗಳು ಒಟ್ಟಿಗೆ ಏರಿದವು ಎಂಬುದೊಂದೇ ಒಪ್ಪಂದಕ್ಕೆ ಪುರಾವೆಯಾಗುವುದಿಲ್ಲ. ಸಭೆ, ಪತ್ರ, ಮಾಹಿತಿ ವಿನಿಮಯದಂಥ ಬೇರೆ ಸುಳಿವೂ ಬೇಕು.

ಒಂದು ಆಕ್ಷೇಪ ಉಳಿಯುತ್ತದೆ: 2024ರಲ್ಲಿ ಬಿಎಸ್‌ಎನ್‌ಎಲ್ ಏರಿಸಲಿಲ್ಲವಲ್ಲ? ಹೌದು, ಆ ಜುಲೈನಲ್ಲಿ ಅದಕ್ಕೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಿದರು, ಮೂರೂ ಖಾಸಗಿ ಕಂಪನಿಗಳು ಗ್ರಾಹಕರನ್ನು ಕಳೆದುಕೊಂಡವು. ಆದರೂ ಅವು ದರ ಇಳಿಸಲಿಲ್ಲ. ಬಿಎಸ್‌ಎನ್‌ಎಲ್‌ನ 4ಜಿ ಆಗಿನ್ನೂ ಎಲ್ಲೆಡೆ ತಲುಪಿರಲಿಲ್ಲ. ಕೋಟಿಗಟ್ಟಲೆ ಗ್ರಾಹಕರಿಗೆ ಬದಲಿಯಾಗಬಲ್ಲ ಜಾಲ ಅದರ ಬಳಿ ಇರದಿದ್ದಾಗ, ಹೋದ ಕೆಲವು ಲಕ್ಷ ಜನರಿಗಾಗಿ ಉಳಿದವರೆಲ್ಲರ ದರ ತಗ್ಗಿಸುವುದು ಅವುಗಳಿಗೆ ನಷ್ಟದ ಬಾಬತ್ತು.