ಸಾಮೆನೋ, ಸಾಮೆ ಅಕ್ಕಿನೋ? ಮೊದ್ಲು ಅದನ್ನ ಬರೀರಿ

ದಾವಣಗೆರೆ, ಚಿತ್ರದುರ್ಗದ ಕಡೆ ರೈತರು ಆನ್‌ಲೈನಲ್ಲಿ ಮಾರೋ ಸಿರಿಧಾನ್ಯಕ್ಕೆ ಟೈಟಲ್ಲು, ಡಿಸ್ಕ್ರಿಪ್ಷನ್ನು ಬರ್ಕೊಡೋದು ನನ್ನ ಕೆಲಸ. ಅವ್ರು ಕಳ್ಸೋ ಟೈಟಲ್ ಬಹಳಷ್ಟು ಒಂದೇ ಥರ ಇರುತ್ತೆ. "100% ಶುದ್ಧ ನೈಸರ್ಗಿಕ ಸಾವಯವ ಸಿರಿಧಾನ್ಯ, ಬೆಸ್ಟ್ ಕ್ವಾಲಿಟಿ, ಆರೋಗ್ಯಕ್ಕೆ ಉತ್ತಮ." ಓದಿದ್ರೆ ಚೆನ್ನಾಗೇ ಇದೆ ಅನ್ಸುತ್ತೆ, ಆದ್ರೆ ಯಾವ ಧಾನ್ಯ ಅಂತ ಇಲ್ಲ, ಎಷ್ಟು ತೂಕ ಅಂತ ಇಲ್ಲ, ಹೊಟ್ಟು ತೆಗ್ದಿದ್ದೋ ತೆಗೀದೇ ಇದ್ದಿದ್ದೋ ಅನ್ನೋದಂತೂ ಡಿಸ್ಕ್ರಿಪ್ಷನ್ ಪೂರ್ತಿ ಹುಡುಕಿದ್ರೂ ಸಿಗಲ್ಲ. ಶುದ್ಧ, ನೈಸರ್ಗಿಕ, ಬೆಸ್ಟ್ ಇವೆಲ್ಲಾ ಎಲ್ಲರೂ ಬರೀತಾರೆ, ಅದನ್ನ ಓದಿ ಯಾರೂ ದುಡ್ಡು ಕೊಡಲ್ಲ. ರಿಟರ್ನ್ ಬರೋದು ಮಾತ್ರ ಆ ಕೊನೇ ವಿಷಯಕ್ಕೆ, ಹೊಟ್ಟಿನ ವಿಷಯಕ್ಕೆ.

ಹೊಸದುರ್ಗ ತಾಲೂಕಿನ ಒಬ್ಬ ಯಜಮಾನ್ರು ಸಾಮೆ ಬೆಳೀತಾರೆ, ಮಗ ಫೋನಲ್ಲಿ ಅಂಗಡಿ ಓಪನ್ ಮಾಡ್ಕೊಟ್ಟಿದಾನೆ. ಟೈಟಲ್ಲಲ್ಲಿ "ಸಾವಯವ ಸಾಮೆ" ಅಂತಷ್ಟೇ ಇತ್ತು. ಬೆಂಗಳೂರಿನ ಒಬ್ಬ ಗಿರಾಕಿ ತರಿಸ್ಕೊಂಡು ಕುಕ್ಕರಲ್ಲಿ ನಾಲ್ಕು ವಿಸಿಲ್ ಕೂಗ್ಸಿ, ಬೇಯ್ಲಿಲ್ಲ ಅಂತ ಇನ್ನೂ ನಾಲ್ಕು ಕೂಗ್ಸಿ, ಕೊನೆಗೆ "ಗಂಟಲಲ್ಲಿ ಚುಚ್ಚುತ್ತೆ, ಇದು ಹಕ್ಕಿ ಮೇವು" ಅಂತ ಒಂದು ಸ್ಟಾರ್ ಕೊಟ್ಟು ವಾಪಸ್ ಹಾಕಿದ್ರು. ಯಜಮಾನ್ರಿಗೆ ಸಿಟ್ಟು. "ಮೇಡಮ್ಮಾರೆ, ಸಾಮೆ ಅಂದ್ರೆ ಸಾಮೆನೇ ಅಲ್ವಾ, ಅಕ್ಕಿ ಬೇಕಿದ್ರೆ ಅಕ್ಕಿ ಅಂತ ಕೇಳ್ಬೇಕಿತ್ತು." ಅವ್ರ ಮಾತು ಅವ್ರ ಮಟ್ಟಿಗೆ ಸರಿನೇ, ಹೊಲದಲ್ಲಿ ಬೆಳೆಯೋದು ಸಾಮೆ, ಮಿಷನ್ನಿಂದ ಬರೋದು ಸಾಮೆ ಅಕ್ಕಿ, ಹೊಸದುರ್ಗದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆದ್ರೆ ಸಿಟಿ ಗಿರಾಕಿ ಅಂಗಡೀಲಿ ನೋಡಿರೋದು ಹೊಟ್ಟು ತೆಗ್ದಿದ್ದನ್ನ ಮಾತ್ರ, ಅವ್ರ ಪಾಲಿಗೆ ಅದೇ ಸಾಮೆ.

ಅದಕ್ಕೇ ಇದೊಂದನ್ನ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಓದಿ. ಸಾಮೆ, ನವಣೆ, ಹಾರಕ, ಊದಲು, ಬರಗು, ಕೊರಲೆ ಇವೆಲ್ಲಾ ಪ್ಯಾಕೆಟ್ಟಿಗೆ ಮೂರು ಅವಸ್ಥೇಲಿ ಬರ್ತವೆ. ಒಂದು ಹೊಟ್ಟಿನ ಸಮೇತ ಇರೋ ಕಾಳು, ಮುಟ್ಟಿದ್ರೆ ನುಣ್ಣಗೆ ಗಟ್ಟಿಯಾಗಿರುತ್ತೆ, ಸಾಮೆಯಾದ್ರೆ ಬೂದು ಕಂದು ಬಣ್ಣದ ಹೊಳಪು. ಇದು ಬಿತ್ತನೆಗೆ, ಹಕ್ಕಿಗೆ, ಇಲ್ಲಾ ಮನೇಲೇ ಕುಟ್ಕೊಳ್ಳೋರಿಗೆ. ಎರಡನೇದು ಹೊಟ್ಟು ಮಾತ್ರ ಹೋಗಿ ತೌಡು ಕಾಳಿನ ಮೇಲೇ ಉಳಿದಿರೋ ಅಕ್ಕಿ, ಬಣ್ಣ ಮಂಕು, ಅಲ್ಲಲ್ಲಿ ಕಂದು. ಅನ್‌ಪಾಲಿಶ್ಡ್ ಅಂತ ಬರೀಬೋದಾಗಿರೋದು ಇದನ್ನ ಮಾತ್ರ. ಮೂರನೇದು ತೌಡೂ ಉಜ್ಜಿ ಹೋಗಿರೋ ಬೆಳ್ಳನೆ ಅಕ್ಕಿ. ಬೇಗ ಬೇಯುತ್ತೆ, ನೋಡೋಕೂ ಚೆಂದ, ಅದನ್ನ ಮಾರೋದು ತಪ್ಪೇನಲ್ಲ, ಅದನ್ನ ಅನ್‌ಪಾಲಿಶ್ಡ್ ಅಂತ ಮಾರೋದು ತಪ್ಪು. ರಾಗಿಗೆ ಮಾತ್ರ ಈ ಗೋಳಿಲ್ಲ, ಅದಕ್ಕೆ ಸಾಮೆ ನವಣೆ ಥರ ಮಿಷನ್ನಲ್ಲಿ ಬಿಡಿಸೋ ಗಟ್ಟಿ ಹೊಟ್ಟೇ ಇಲ್ಲ, ಆದ್ರೂ ಒಬ್ರು ನನ್ನ ಹತ್ರ "ಅನ್‌ಪಾಲಿಶ್ಡ್ ರಾಗಿ" ಅಂತ ಟೈಟಲ್ ಬರೆಸ್ಕೊಳ್ಳೋಕೆ ಬಂದಿದ್ರು, ಪಕ್ಕದೂರಿನೋರು ಹಾಕಿದಾರೆ ನಮಗೂ ಹಾಕಿ ಅಂತ!

ಗಿರಾಕಿಗಳು ಅನ್‌ಪಾಲಿಶ್ಡೂ ಬೇಕು ಒಂದು ಹೊಟ್ಟೂ ಇರಬಾರ್ದು ಅಂತ ಕೇಳ್ತಾರೆ, ರೈತರು "ಆಯ್ತು ಇರಲ್ಲ" ಅಂತ ಬರೆದೂ ಬಿಡ್ತಾರೆ, ಜಗಳ ಶುರುವಾಗೋದೇ ಅಲ್ಲಿ. ಮಿಷನ್ನಿಗೆ ಒಂದು ಸಲ ಬಿಟ್ರೆ ಒಂದಿಷ್ಟು ಕಾಳು ಹೊಟ್ಟಿನ ಸಮೇತನೇ ಆಚೆ ಬರ್ತವೆ. ಅವನ್ನ ಬೇರೆ ಮಾಡಿ ಇನ್ನೊಂದು ಸಲ ಬಿಡಬೋದು, ಆದ್ರೆ ಎಲ್ಲಾ ಸೇರಿಸಿ ಮತ್ತೆ ಮತ್ತೆ ಬಿಡ್ತಾ ಹೋದ್ರೆ ತೌಡು ಉದುರುತ್ತೆ, ನುಚ್ಚು ಜಾಸ್ತಿ ಆಗುತ್ತೆ. ಕಾಳು ಸರಿಯಾಗಿ ಒಣಗದೇ ಮಿಷನ್ನಿಗೆ ಹೋಗಿದ್ರೆ ಇನ್ನೂ ಕಷ್ಟ, ಹೊಟ್ಟು ಬಿಡಲ್ಲ. ಹಂಗಾಗಿ ನಿಜವಾದ ಅನ್‌ಪಾಲಿಶ್ಡ್ ಅಕ್ಕೀಲಿ ಅಲ್ಲೊಂದು ಇಲ್ಲೊಂದು ಹೊಟ್ಟಿನ ಕಾಳು ಇದ್ದೇ ಇರುತ್ತೆ, ಅದನ್ನ ಮೊದ್ಲೇ ಡಿಸ್ಕ್ರಿಪ್ಷನ್ನಲ್ಲಿ ಬರೆದುಬಿಡಿ ಅಂತ ನಾನು ಹೇಳಿದ್ರೆ ರೈತರು ಹೆದರ್ತಾರೆ, "ನಮ್ಮ ಮಾಲಿನ ದೋಷ ನಾವೇ ಹೇಳ್ಕೊಂಡ್ರೆ ಯಾರು ತಗೋತಾರೆ" ಅಂತ. ನಾನು ನೋಡಿದಂಗೆ ಮೊದ್ಲೇ ಓದಿದ್ದ ಗಿರಾಕಿ ಸುಮ್ನೆ ತೊಳೆದು ಗಾಳಿಸಿ ಅಡುಗೆ ಮಾಡ್ಕೋತಾರೆ, ಓದದೇ ಇದ್ದೋರು ಫೋಟೋ ತೆಗೆದು ರಿವ್ಯೂಗೆ ಹಾಕ್ತಾರೆ. ಕಲ್ಲಿನ ವಿಷಯನೂ ಹಂಗೇ. ಸಾಮೆ ಕಾಳು ಬಹಳ ಸಣ್ಣದು, ಅದೇ ಸೈಜಿನ ಮರಳು ಹರಳು ಕಲ್ಲು ತೆಗೆಯೋ ಮಿಷನ್ನಲ್ಲೂ ಒಂದೊಂದು ತಪ್ಪಿಸ್ಕೊಳ್ಳುತ್ತೆ. "ಮಿಷನ್ನಲ್ಲಿ ಕಲ್ಲು ತೆಗೆದಿದೆ, ಅಡುಗೆಗೆ ಮುಂಚೆ ಒಂದು ಸಲ ಗಾಳಿಸಿ" ಅಂತ ಒಂದು ಲೈನ್ ಸಾಕು.

ಇನ್ನೊಂದು. ಹೊಟ್ಟಿನ ಸಮೇತ ಕಾಳು ವರ್ಷಗಟ್ಟಲೆ ಇಟ್ರೂ ಕೆಡಲ್ಲ, ನಮ್ಮ ಹಿರಿಯರು ಹಗೇವಲ್ಲಿ ಇಡ್ತಿದ್ದಿದ್ದು ಅದನ್ನೇ. ಹೊಟ್ಟು ತೆಗೆದ ಮೇಲೆ ತೌಡಿನ ಎಣ್ಣೆ ಅಂಶಕ್ಕೆ ಗಾಳಿ ತಾಗಿ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಶುರುವಾಗ್ಬೋದು, ಬೇಸಿಗೇಲಿ ಇನ್ನೂ ಬೇಗ, ಹುಳನೂ ಬೀಳುತ್ತೆ. ಅದಕ್ಕೇ ಯಾವಾಗ ಬೆಳೆದಿದ್ದು ಅನ್ನೋದಕ್ಕಿಂತ ಯಾವಾಗ ಮಿಲ್ ಮಾಡಿಸಿದ್ದು ಅನ್ನೋದು ಮುಖ್ಯ. ಆರ್ಡರ್ ನೋಡ್ಕೊಂಡು ಸ್ವಲ್ಪ ಸ್ವಲ್ಪನೇ ಮಿಷನ್ನಿಗೆ ಹಾಕಿಸಿ, ಮಿಕ್ಕಿದ್ದು ಕಾಳಾಗಿ ಮನೇಲಿರ್ಲಿ.

ಈಗ ಊರಿನ ವಿಷಯ. ಯಜಮಾನ್ರ ಮಗ ಬರೆದಿದ್ದು "ಕರ್ನಾಟಕದ ಸಿರಿಧಾನ್ಯ" ಅಂತ. ಹೊಸದುರ್ಗದ ಸಾಮೆ ಅಂದ್ರೆ ತಿಳಿದೋರಿಗೆ ಒಂದು ಬೆಲೆ ಇದೆ, ಅದನ್ನ ಬಿಟ್ಟು ಇಡೀ ರಾಜ್ಯ ಯಾಕೆ ಬೇಕು ಹೇಳಿ. ತಾಲೂಕಿನ ಹೆಸರು, ಕೆಂಪು ಮಣ್ಣಿನ ಹೊಲ, ಮಳೆ ಆಶ್ರಯದ ಬೆಳೆ, ಯಾವ ವರ್ಷದ ಮುಂಗಾರು, ಮಿಲ್ ಎಲ್ಲಿ ಮಾಡ್ಸಿದ್ದು, ಇಷ್ಟು ಹೇಳಿದ್ರೆ ಸಾಕು. ಆದ್ರೆ ನನಗೆ ಬಗೆಹರೀದೇ ಇದ್ದಿದ್ದು ಇನ್ನೊಂದಿತ್ತು, ಇವ್ರ ಹೊಲದ್ದು ಖಾಲಿಯಾದಾಗ ಪಕ್ಕದ ಹೊಲದೋರದ್ದು ಸೇರಿಸ್ತಾರಾ ಅಂತ. ಕೇಳಿದೆ. "ಅಣ್ತಮ್ಮಂದಿರದ್ದು ಬಿಡಿ, ಅದೂ ನಮ್ಮದೇ" ಅಂದ್ರು. ಪ್ರೀತಿಗೆ ಅದು ಸರಿ, ಲೇಬಲ್ಲಿಗೆ ಸರಿಯಿಲ್ಲ. "ನಮ್ಮ ಮತ್ತು ಅಕ್ಕಪಕ್ಕದ ಹೊಲಗಳದ್ದು" ಅಂತ ಬರೆಸಿದೆ, ಅದೂ ಆ ಅಕ್ಕಪಕ್ಕದೋರೂ ಇವ್ರ ಸಾವಯವ ಸರ್ಟಿಫಿಕೇಟ್ ಗುಂಪಲ್ಲೇ ಇದಾರೆ ಅಂತ ನೋಡ್ಕೊಂಡು.

ಯಾಕಂದ್ರೆ ಸಾವಯವ ಅನ್ನೋದು ಬರೀ ಹೊಗಳಿಕೆ ಅಲ್ಲ, ಅದಕ್ಕೆ ಕಾನೂನಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2017ರಲ್ಲಿ ಮಾಡಿದ ಸಾವಯವ ಆಹಾರ ನಿಯಮದ ಪ್ರಕಾರ, ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡಿ ಕೊಡೋ ಎನ್‌ಪಿಒಪಿ ಇಲ್ಲಾ ರೈತರ ಗುಂಪೇ ಒಬ್ಬರನ್ನೊಬ್ಬರು ನೋಡಿ ಕೊಡೋ ಪಿಜಿಎಸ್ ಇಂಡಿಯಾ, ಎರಡರಲ್ಲಿ ಒಂದು ಸರ್ಟಿಫಿಕೇಟ್ ಬೇಕು. ನೇರವಾಗಿ ತಿನ್ನೋರಿಗೇ ಮಾರೋ ಸಣ್ಣ ರೈತರಿಗೆ ವಿನಾಯ್ತಿ ಇದೆ, ಆದ್ರೆ ಅವ್ರು ಸಾವಯವದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಲೋಗೋ ಹಾಕೋ ಹಂಗಿಲ್ಲ, ದೊಡ್ಡ ಸೈಟ್‌ಗಳು ಆ ವಿನಾಯ್ತಿ ಒಪ್ದೇ ಸರ್ಟಿಫಿಕೇಟ್ ಕೇಳೋದೂ ಉಂಟು. ನಿಮ್ಮ ವಹಿವಾಟು ಎಷ್ಟು, ಎಲ್ಲಿ ಮಾರ್ತೀರಿ ಅನ್ನೋದ್ರ ಮೇಲೆ ಇದು ಬದಲಾಗುತ್ತೆ, ಹಂಗಾಗಿ ನನ್ನ ಅಂಕಣ ಓದಿ ಲೋಗೋ ಪ್ರಿಂಟ್ ಹಾಕಿಸ್ಬೇಡಿ, ಒಂದ್ಸಲ ಆಹಾರ ಸುರಕ್ಷತಾ ಅಧಿಕಾರಿ ಹತ್ರ ಕೇಳಿ. ಹೋದ ವರ್ಷ ರಾಸಾಯನಿಕ ಗೊಬ್ಬರ ನಿಲ್ಸಿದ್ದೀನಿ ಅಂತ ಈ ವರ್ಷ ಸಾವಯವ ಅನ್ನೋಕಾಗಲ್ಲ, ಎನ್‌ಪಿಒಪಿಯಲ್ಲಿ ಇಂಥ ಬೆಳೆಗೆ ಎರಡು ವರ್ಷ ಪರಿವರ್ತನೆ ಅವಧಿ ಇದೆ. ಸರ್ಟಿಫಿಕೇಟ್ ಇದ್ರೆ ನಂಬರ್ ಬರೀರಿ, ಹತ್ತು ಸಲ ಸಾವಯವ ಸಾವಯವ ಅಂತ ಬರೆಯೋದಕ್ಕಿಂತ ಅದು ಮೇಲು.

ಪ್ಯಾಕ್ ಸೈಜಲ್ಲಿ ಒಂದು ಲೆಕ್ಕ ಇದೆ, ಬಹಳ ಜನ ನೋಡಲ್ಲ. ಕೊರಿಯರ್‌ನೋರು ಸಾಮಾನ್ಯವಾಗಿ ಅರ್ಧ ಅರ್ಧ ಕೆಜಿ ಸ್ಲ್ಯಾಬಲ್ಲಿ ದುಡ್ಡು ಹಾಕ್ತಾರೆ, ಅದೂ ಡಬ್ಬಿ ಕವರ್ ಎಲ್ಲಾ ಸೇರಿದ ತೂಕಕ್ಕೆ. ಒಂದು ಕೆಜಿ ಅಕ್ಕಿ ತುಂಬಿ ಪೌಚು, ಡಬ್ಬಿ ಸೇರಿಸಿದ್ರೆ 1 ಕೆಜಿ 85 ಗ್ರಾಂ ಆಗ್ತಿತ್ತು, ಅಂದ್ರೆ ಒಂದೂವರೆ ಕೆಜಿಯ ಚಾರ್ಜು. ಅದಕ್ಕೆ 900 ಗ್ರಾಂ ಪ್ಯಾಕ್ ಮಾಡಿ ಅಂದೆ, ಎಲ್ಲಾ ಸೇರಿ 985, ಒಂದು ಕೆಜಿ ಒಳಗೇ ನಿಂತ್ಕೊಂತು. ಪ್ಯಾಕ್ ಇಂತಿಷ್ಟೇ ಇರ್ಬೇಕು ಅನ್ನೋ ಹಳೇ ಪಟ್ಟಿಯನ್ನ 2022ರಲ್ಲಿ ತೆಗೆದಿದಾರೆ, 900 ಮಾಡಬೋದು. ಆದ್ರೆ ಒಂದು ಕೆಜಿ ಥರ ಕಾಣೋ ಪೌಚಲ್ಲಿ 900 ಹಾಕಿ ಟೈಟಲ್ಲಲ್ಲಿ ಹೇಳ್ದೇ ಇದ್ರೆ ಅದು ಮೋಸನೇ, ಗಿರಾಕಿ ಮನೇಲಿ ತಕ್ಕಡಿ ಇಟ್ಟಿರ್ತಾರೆ. 126 ರೂಪಾಯಿ ಅಂತಾದ್ರೆ ಒಂದು ಗ್ರಾಂಗೆ 14 ಪೈಸೆ ಅಂತ ಯೂನಿಟ್ ದರನೂ ತೋರಿಸ್ಬೇಕು, ಒಂದು ಕೆಜಿಗಿಂತ ಕಮ್ಮಿ ಇದ್ರೆ ಗ್ರಾಂ ಲೆಕ್ಕ, ಜಾಸ್ತಿ ಇದ್ರೆ ಕೆಜಿ ಲೆಕ್ಕ. ನಿವ್ವಳ ತೂಕ ಅಂದ್ರೆ ಅಕ್ಕಿ ಮಾತ್ರ, ಪೌಚ್ ಸೇರಿಸ್ಬೇಡಿ, "ಸುಮಾರು" ಅಂತನೂ ಬರೀಬೇಡಿ.

ಕೊನೆಗೆ ಯಜಮಾನ್ರ ಟೈಟಲ್ ಹಿಂಗಾಯ್ತು: "ಸಾಮೆ ಅಕ್ಕಿ, ಲಿಟಲ್ ಮಿಲೆಟ್ ರೈಸ್, ಹೊಟ್ಟು ತೆಗೆದ ಅನ್‌ಪಾಲಿಶ್ಡ್, ಸಾವಯವ, ಹೊಸದುರ್ಗ, 900 ಗ್ರಾಂ." ಧಾನ್ಯ ಮತ್ತೆ ಅವಸ್ಥೆ ಮೊದ್ಲು ಬಂತು, ಯಾಕಂದ್ರೆ ಫೋನಲ್ಲಿ ಟೈಟಲ್ಲಿನ ಬಾಲ ಕಟ್ ಆಗುತ್ತೆ. ತೂಕ ಕಟ್ ಆದ್ರೂ ಕಾಣ್ಲಿ ಅಂತ ಮೊದಲ ಫೋಟೋದಲ್ಲೇ ದೊಡ್ಡದಾಗಿ ಹಾಕ್ಸಿದೆ. ಕುಟ್ಕಿ, ಸಾಮೈ, ಸಾಮಲು ಅಂತ ಬೇರೆ ಭಾಷೆಯೋರು ಹುಡುಕೋ ಹೆಸರು ಡಿಸ್ಕ್ರಿಪ್ಷನ್ ಕೊನೇಲಿ.

ಡಿಸ್ಕ್ರಿಪ್ಷನ್ ಹಿಂಗೆ: "ಹೊಸದುರ್ಗ ತಾಲೂಕಿನ ನಮ್ಮ ಮತ್ತು ಅಕ್ಕಪಕ್ಕದ ಹೊಲಗಳಲ್ಲಿ ಮುಂಗಾರು ಮಳೆಗೆ ಬೆಳೆದ ಸಾಮೆ. ನಮ್ಮೂರ ಹತ್ತಿರದ ಮಿಲ್ಲಲ್ಲಿ ಹೊಟ್ಟು ಮಾತ್ರ ತೆಗೆಸಿದ್ದೇವೆ, ತೌಡು ಉಳಿದಿದೆ, ಅದಕ್ಕೆ ಬಣ್ಣ ಮಂಕಾಗಿರುತ್ತೆ. ಅಲ್ಲೊಂದು ಇಲ್ಲೊಂದು ಹೊಟ್ಟಿನ ಕಾಳು ಇರಬಹುದು, ತೊಳೆದು ಗಾಳಿಸಿ. ಅರ್ಧ ಗಂಟೆ ನೆನೆಸಿ, ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು. ಮಿಲ್ ಮಾಡಿದ ತಿಂಗಳು ಪ್ಯಾಕೆಟ್ ಮೇಲಿದೆ, ಮೂರು ತಿಂಗಳೊಳಗೆ ಬಳಸಿ." ಕೆಳಗೆ ಸರ್ಟಿಫಿಕೇಟ್ ನಂಬರ್, ಎಫ್‌ಎಸ್‌ಎಸ್‌ಎಐ ನಂಬರ್, ವಿಳಾಸ.

ಯಜಮಾನ್ರು ಓದಿಸ್ಕೊಂಡು ಕೇಳಿ, "ಎಲ್ಲಾ ಸರಿ, ಶುಗರ್ ವಾಸಿಯಾಗುತ್ತೆ ಅಂತ ಒಂದು ಮಾತು ಸೇರಿಸ್ರಿ ಮೇಡಮ್ಮಾರೆ, ಜನ ಅದಕ್ಕೇ ತಗಳೋದು" ಅಂದ್ರು. ಆಗಲ್ಲ ಅಂದೆ. ಆಹಾರದ ಪ್ಯಾಕೆಟ್ ಮೇಲೆ ಕಾಯಿಲೆ ವಾಸಿ ಮಾಡುತ್ತೆ ಅಂತ ಬರೆಯೋ ಹಂಗಿಲ್ಲ, 2018ರ ನಿಯಮ ಇದೆ, ಲಿಸ್ಟಿಂಗೇ ಕಿತ್ತು ಹಾಕ್ತಾರೆ. ಅವ್ರಿಗೆ ಅಷ್ಟು ಸಮಾಧಾನ ಆಗ್ಲಿಲ್ಲ. ಮಗನಿಗೆ ಮಾತ್ರ ಒಂದು ಕೆಲಸ ಹೇಳಿ ಬಂದಿದೀನಿ, ಪ್ರತೀ ಸಲ ಮಿಷನ್ನಿಗೆ ಹಾಕ್ಸಿದ ದಿನ ಪ್ಯಾಕೆಟ್ಟಿನ ತಿಂಗಳು ಬದ್ಲಾಯಿಸೋದು, ಒಂದು ಚಮಚ ಅಕ್ಕಿ ಬಿಳೀ ತಟ್ಟೇಲಿ ಹರಡಿ ಹೊಸ ಫೋಟೋ ಹಾಕೋದು. ಈ ಸಲದ್ದು ಹೋದ ಸಲಕ್ಕಿಂತ ಸ್ವಲ್ಪ ಕಂದು ಜಾಸ್ತಿ ಇದ್ರೆ ಗಿರಾಕಿಗೆ ತಟ್ಟೇಲೇ ಕಾಣುತ್ತೆ.