ಪಿಇ 8 ನೋಡಿ ಅಗ್ಗ ಅಂದುಕೊಂಡೆ: ಮಾರ್ಕೆಟ್ ಕ್ಯಾಪ್ ಮತ್ತು ಇವಿ ಟಿಪ್ಪಣಿ

ನಮ್ಮ ಗೋಕಾಕ ಕಡೆ ಹಳೇ ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ಆರ್‌ಸಿ ಬುಕ್ ತೆಗೆದು ನೋಡುತ್ತಾರೆ. ಅದರಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ಇನ್ನೂ ತೀರಿಲ್ಲ ಎಂದರ್ಥ. ಮಾರುವವನ ಕೈಗೆ 3 ಲಕ್ಷ ಕೊಟ್ಟು, ಬ್ಯಾಂಕಿನ 2 ಲಕ್ಷ ನೀವೇ ತುಂಬಿದರೆ ಟ್ರ್ಯಾಕ್ಟರ್ ಬಿದ್ದದ್ದು 5 ಲಕ್ಷಕ್ಕೆ. ಆ 3 ಲಕ್ಷವೇ ಮಾರ್ಕೆಟ್ ಕ್ಯಾಪ್, 5 ಲಕ್ಷ ಎಂಟರ್‌ಪ್ರೈಸ್ ವ್ಯಾಲ್ಯೂ, ಅಂದರೆ ಇವಿ. ಕಂಪನಿಯಲ್ಲಿ ನಗದು ಇದ್ದರೆ ಅದು ಕೊಂಡವನಿಗೇ ಸಿಗುತ್ತದೆ. ಹಾಗಾಗಿ ಅದನ್ನು ಕಳೆಯಬೇಕು.

```
ಮಾರ್ಕೆಟ್ ಕ್ಯಾಪ್ = ಷೇರಿನ ಬೆಲೆ × ಷೇರುಗಳ ಸಂಖ್ಯೆ
ಇವಿ = ಮಾರ್ಕೆಟ್ ಕ್ಯಾಪ್ + ಸಾಲ − ನಗದು
```

ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ನಾನು ಎಡವಿದ್ದು ಸಕ್ಕರೆ ಕಂಪನಿಗಳನ್ನು ಹೋಲಿಸುವಾಗ. ಅದೇ ಲೆಕ್ಕವನ್ನು ಕಲ್ಪಿತ ಅಂಕಿಗಳಲ್ಲಿ ಬರೆಯುತ್ತೇನೆ.

ಎರಡು ಕಂಪನಿ, ತಲಾ 10 ಕೋಟಿ ಷೇರು. ಸಾಲ, ನಗದಿನ ಅಂಕಿ ಎರಡರದ್ದೂ ಮಾರ್ಚ್ 31ರದ್ದು. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, ಅಂದರೆ ಎಬಿಟ್ಡಾ, ಎರಡಕ್ಕೂ 150 ಕೋಟಿ. ಸವಕಳಿ ಎರಡಕ್ಕೂ 30 ಕೋಟಿ.

ಮೊದಲನೆಯದರ ಷೇರು 100 ರೂಪಾಯಿ, ಮಾರ್ಕೆಟ್ ಕ್ಯಾಪ್ 1000 ಕೋಟಿ. ಸಾಲ 100, ನಗದು 200. ಬಡ್ಡಿ 10 ಕೋಟಿ. 25% ತೆರಿಗೆ ಕಟ್ಟಿದ ಮೇಲೆ ಸುಮಾರು 82 ಕೋಟಿ ಉಳಿಯುತ್ತದೆ. ಮಾರ್ಕೆಟ್ ಕ್ಯಾಪ್ ಈ ಲಾಭದ ಸುಮಾರು 12 ಪಟ್ಟು, ಅಂದರೆ ಪಿಇ 12.

ಎರಡನೆಯದರ ಷೇರು 33 ರೂಪಾಯಿ, ಮಾರ್ಕೆಟ್ ಕ್ಯಾಪ್ 330 ಕೋಟಿ. ಸಾಲ 900, ನಗದು 50. ಬಡ್ಡಿ 65 ಕೋಟಿ. ಉಳಿಯುವುದು ಸುಮಾರು 41 ಕೋಟಿ. ಪಿಇ 8.

ಪಿಇ ನೋಡಿದರೆ ಎರಡನೆಯದೇ ಅಗ್ಗ. ಇವಿ ಹಾಕಿ ನೋಡಿ. ಮೊದಲನೆಯದು 900 ಕೋಟಿ, ಎಬಿಟ್ಡಾದ 6 ಪಟ್ಟು. ಎರಡನೆಯದು 1180 ಕೋಟಿ, ಸುಮಾರು 7.9 ಪಟ್ಟು. ಲೆಕ್ಕ ತಿರುಗಿಬಿತ್ತು, ಅಲ್ವಾ? ಸಾಲ ಕೊಟ್ಟವರಿಗೆ ಬಡ್ಡಿ ಹೋದ ಮೇಲೆ ಉಳಿದ ಚೂರನ್ನು ಮಾತ್ರ ಪಿಇ ನೋಡುತ್ತದೆ. ಆ ಚೂರು ಅಗ್ಗವಾಗಿ ಸಿಗುವುದಕ್ಕೆ ಕಾರಣವೂ ಇದೆ. ಸಕ್ಕರೆ ದರ ಬಿದ್ದು ಎಬಿಟ್ಡಾ 100 ಕೋಟಿಗೆ ಇಳಿದರೆ, ತೆರಿಗೆಗೆ ಮುಂಚೆ ಮೊದಲ ಕಂಪನಿಗೆ 60 ಕೋಟಿ ಉಳಿಯುತ್ತದೆ. ಎರಡನೆಯದಕ್ಕೆ ಬರೀ 5.

ಇಲ್ಲಿಯವರೆಗೆ ಸರಿಯಾಗೇ ಹೊರಟಿದ್ದೆ. ಆಮೇಲೆ ಎರಡನೇ ಕಂಪನಿಯ ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟ್ ಸಿಕ್ಕಿತು. ಸಾಲ 550 ಕೋಟಿ ಅಂತಿತ್ತು. ಷೇರು ಅದೇ ಬೆಲೆ. ಇವಿ 830 ಕೋಟಿಗೆ ಇಳಿದು 5.5 ಪಟ್ಟಾಯಿತು. ಈಗ ಮೊದಲನೆಯದಕ್ಕಿಂತ ಅಗ್ಗ! ಸಾಲ ತೀರಿಸುತ್ತಿದ್ದಾರೆ ಅಂತ ಖುಷಿಯೂ ಆಯಿತು.

ತೀರಿಸಿದ್ದೇನೂ ಇಲ್ಲ. ಇದು ಹಂಗಾಮಿನ ಆಟ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ನುರಿಸುವುದು ಬಹುತೇಕ ಅಕ್ಟೋಬರ್-ನವೆಂಬರ್‌ಗೆ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಸಕ್ಕರೆ ಮಾತ್ರ ವರ್ಷವಿಡೀ ಮಾರಾಟವಾಗುತ್ತದೆ. ಹಾಗಾಗಿ ಮಾರ್ಚ್ 31ಕ್ಕೆ ಗೋದಾಮು ತುಂಬಿರುತ್ತದೆ. ಆ ದಾಸ್ತಾನು ಅಡವಿಟ್ಟು ತಂದ ಬ್ಯಾಂಕ್ ಸಾಲವೂ ತುದಿಯಲ್ಲಿರುತ್ತದೆ. ಸೆಪ್ಟೆಂಬರ್‌ಗೆ ಸಕ್ಕರೆ ಮಾರಿಹೋಗಿ ಸಾಲ ಇಳಿದಿರುತ್ತದೆ. ನವೆಂಬರ್‌ಗೆ ಮತ್ತೆ ಏರಲು ಶುರು.

ನನ್ನ ತಪ್ಪು ಏನೆಂದರೆ, ಒಂದರದ್ದು ಮಾರ್ಚ್ ಅಂಕಿ, ಇನ್ನೊಂದರದ್ದು ಸೆಪ್ಟೆಂಬರ್ ಅಂಕಿ ಇಟ್ಟು ಹೋಲಿಸಿದ್ದು. ಮೊದಲ ಕಂಪನಿಯೂ ಸಕ್ಕರೆ ಮಾರಿತ್ತಲ್ಲ. ಅದರ ನಗದು 200ರಿಂದ 400 ಕೋಟಿ ಆಗಿತ್ತು. ಅದರ ಇವಿ 700 ಕೋಟಿ, ಸುಮಾರು 4.7 ಪಟ್ಟು. ಒಂದೇ ದಿನಾಂಕಕ್ಕೆ ನೋಡಿದರೆ ಅದೇ ಅಗ್ಗ.

ಸಾಲದ ಅಂಕಿ ನಿಜವಾದ ಸರಾಸರಿಯೋ ಅಲ್ಲವೋ ತಿಳಿಯಲು ಒಂದು ಸಣ್ಣ ದಾರಿ: ವರ್ಷದ ಬಡ್ಡಿಯನ್ನು ಬಡ್ಡಿದರದಿಂದ ಭಾಗಿಸಿ. 65 ಕೋಟಿಯನ್ನು 9%ರಿಂದ ಭಾಗಿಸಿದರೆ ಸುಮಾರು 720 ಕೋಟಿ. 900ಕ್ಕೂ 550ಕ್ಕೂ ನಡುವೆ ಬಂತು. ವರ್ಷವಿಡೀ ಅವರು ಹೊತ್ತದ್ದು ಹೆಚ್ಚುಕಡಿಮೆ ಅಷ್ಟು.

ಇನ್ನೊಂದು ಸಂಗತಿ ಪಕ್ಕದ ಮನೆ ಕಾಕಾನಿಂದ ಗೊತ್ತಾಯಿತು. "ಕಬ್ಬು ಕಳಿಸಿ ಎರಡು ತಿಂಗಳಾತು, ಬಿಲ್ ಇನ್ನೂ ಬಂದಿಲ್ಲಪಾ" ಅಂದ. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ಬಾಕಿ ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲದ ಸಾಲಿಗೆ ಬರುವುದೇ ಇಲ್ಲ. ಟ್ರೇಡ್ ಪೇಯಬಲ್ಸ್, ಅಂದರೆ ಸರಕು ಕೊಟ್ಟವರಿಗೆ ಕೊಡಬೇಕಾದ ಹಣದ ಒಳಗೆ ಕೂತಿರುತ್ತದೆ. ವೆಬ್‌ಸೈಟ್‌ಗಳು ತೋರಿಸುವ ಇವಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ.

ನಾನು ಗಡುವು ಮೀರಿದ ಬಾಕಿಯನ್ನು ಸಾಲಕ್ಕೇ ಸೇರಿಸುತ್ತೇನೆ. ಎರಡನೇ ಕಂಪನಿಯಲ್ಲಿ ಸೆಪ್ಟೆಂಬರ್‌ಗೆ ಇಂಥದ್ದು 120 ಕೋಟಿ ಇದ್ದರೆ ಇವಿ 950 ಕೋಟಿ, 6.3 ಪಟ್ಟು. ಬ್ಯಾಂಕಿನ ಬದಲು ಕಾಕಾನಿಂದ ತಂದ ಸಾಲ ಅದು, ಅಷ್ಟೇ.