89.6 ಬಂದವಳಿಗೆ ಯಾವ ಗ್ರೇಡ್?

ಪ್ರಶ್ನೆ: ನಮಸ್ಕಾರ್ರಿ ಸರ್. ಕುಷ್ಟಗಿ ತಾಲ್ಲೂಕಿನ ಒಂದು ಹೈಸ್ಕೂಲಿನಾಗ ಹತ್ತನೇ ಕ್ಲಾಸಿನ ಅಂಕಪಟ್ಟಿ ಕೆಲಸ ನಂದೇ ಐತ್ರಿ. ಒಟ್ಟು 625ಕ್ಕ ಲೆಕ್ಕ ಹಾಕಿ, ಶೇಕಡಾ ತೆಗೆದು, ಎಕ್ಸೆಲ್ಲಿನ್ಯಾಗ VLOOKUP ಹಾಕಿ ಗ್ರೇಡ್ ತರಿಸೀನಿ. ಒಬ್ಬಾಕಿಗೆ ಶೇಕಡಾ ಕಾಲಂನ್ಯಾಗ 90 ಅಂತ ಕಾಣ್ತದ, ಗ್ರೇಡ್ ಮಾತ್ರ A ಬರ್ತದ. A+ ಬರಬೇಕಲ್ಲೇನ್ರಿ? ROUND ಹಾಕಿದ್ರ ಸರಿ ಹೋಗ್ತದ ಅಂತ ನಮ್ಮ ಸಹೋದ್ಯೋಗಿ ಅಂತಾರ. ಹಾಕ್ಲೇನ್ರಿ?

ಉತ್ತರ: ಬೇಡ ಮೇಡಂ. ಅಲ್ಲಿ ಫಾರ್ಮುಲಾ ಹೇಳುತ್ತಿರುವುದೇ ಸರಿ, ಕಣ್ಣಿಗೆ ಕಾಣುವ 90 ಸುಳ್ಳು.

ಆ ಹುಡುಗಿಯ ಒಟ್ಟು ಅಂಕ 560 ಎಂದುಕೊಳ್ಳಿ. 560ನ್ನು 625ರಿಂದ ಭಾಗಿಸಿದರೆ ಶೇ 89.6. ನಿಮ್ಮ ಕಾಲಂನಲ್ಲಿ ದಶಾಂಶ ಕಾಣದಂತೆ ಫಾರ್ಮ್ಯಾಟ್ ಮಾಡಿರುವುದರಿಂದ ತೆರೆಯ ಮೇಲೆ 90 ಎಂದು ಮೂಡುತ್ತದೆ. ಫಾರ್ಮ್ಯಾಟ್ ಬದಲಿಸಿದರೆ ಅಂಕಿಯ ತೋರಿಕೆ ಬದಲಾಗುತ್ತದೆಯೇ ಹೊರತು ಸೆಲ್‌ನೊಳಗಿನ ಅಂಕಿ ಬದಲಾಗುವುದಿಲ್ಲ. VLOOKUP ನೋಡುವುದು ಒಳಗಿನ 89.6ನ್ನು. ಅದು 90ಕ್ಕಿಂತ ಕಡಿಮೆ, ಹಾಗಾಗಿ A.

ಇನ್ನು ROUND ವಿಷಯ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಾವು ನೋಡುತ್ತ ಬಂದಿರುವ ಗ್ರೇಡ್ ಪಟ್ಟಿಯಲ್ಲಿ A+ ಶುರುವಾಗುವುದು 563 ಅಂಕದಿಂದ. 625ರ ಶೇ 90 ಎಂದರೆ 562.5. ಅಂದರೆ 562 ಬಂದವರಿಗೂ, ಶೇ 89.92 ಆಗಿದ್ದರೂ, A ಮಾತ್ರ. ಆ ಪಟ್ಟಿಯಲ್ಲಿ ಮೇಲಕ್ಕೆ ಹೊಂದಿಸಿಕೊಡುವ ಪದ್ಧತಿಯೇ ಇಲ್ಲ, ಗೆರೆ ದಾಟಲೇಬೇಕು. ನೀವು ROUND ಹಾಕಿದರೆ 560, 561, 562 ಬಂದ ಮೂವರೂ A+ ಆಗುತ್ತಾರೆ. 500ರ ಗೆರೆಯಲ್ಲೂ ಅದೇ ಕಥೆ: 497, 498, 499 ಬಂದವರು B+ ಬಿಟ್ಟು A ಸೇರಿಕೊಳ್ಳುತ್ತಾರೆ. ಶಾಲೆಯ ಪಟ್ಟಿಯಲ್ಲಿ A+ ನೋಡಿ ಖುಷಿಪಟ್ಟ ಹುಡುಗಿ ಅಷ್ಟೇ ಅಂಕಕ್ಕೆ ಮಂಡಳಿಯ ಪಟ್ಟಿಯಲ್ಲಿ A ನೋಡಿದರೆ ನಿಮ್ಮನ್ನೇ ಬಂದು ಕೇಳುತ್ತಾಳೆ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಶೇಕಡಾವನ್ನು ಹುಡುಕಲು ಬಳಸಲೇಬೇಡಿ. ಒಟ್ಟು ಅಂಕದ ಮೇಲೇ ಗ್ರೇಡ್ ಹುಡುಕಿ. ಅಂಕ ಪೂರ್ಣಸಂಖ್ಯೆ, ಗೆರೆಯೂ ಪೂರ್ಣಸಂಖ್ಯೆ, ದಶಾಂಶದ ತಕರಾರೇ ಏಳುವುದಿಲ್ಲ. ಶೇಕಡಾ ಕಾಲಂ ಬೇಕಿದ್ದರೆ ಇರಲಿ, ಒಂದು ದಶಾಂಶ ತೋರಿಸಿ ಇಡಿ.

ಹೆಸರು A ಕಾಲಂನಲ್ಲಿ, ಆರು ವಿಷಯಗಳು B ಇಂದ G ವರೆಗೆ, ಒಟ್ಟು H, ಗ್ರೇಡ್ I ಎಂದು ಇಟ್ಟುಕೊಳ್ಳೋಣ. ಗೆರೆಗಳ ಪಟ್ಟಿಯನ್ನು ಪಕ್ಕದಲ್ಲಿ L2 ಇಂದ M8 ವರೆಗೆ ಹೀಗೆ ಬರೆಯಿರಿ:

```
0     --
219   C
313   C+
375   B
438   B+
500   A
563   A+
```

ಪ್ರತಿ ಗ್ರೇಡಿಗೂ ಕೆಳಗಿನ ಗೆರೆ ಮಾತ್ರ ಸಾಕು. "500-562" ಎಂದು ಒಂದೇ ಸೆಲ್‌ನಲ್ಲಿ ಬರೆದರೆ ಅದು ಅಂಕಿಯಾಗಿ ಉಳಿಯದೆ ಅಕ್ಷರವಾಗುತ್ತದೆ, ಹುಡುಕಾಟ ನಡೆಯುವುದಿಲ್ಲ. ಮೊದಲ ಸಾಲಿನ 0 ಬಿಟ್ಟರೆ 219ಕ್ಕಿಂತ ಕಡಿಮೆ ಬಂದವರೆಲ್ಲರ ಮುಂದೆ #N/A ಬರುತ್ತದೆ. ಇಲ್ಲಿನ 219 ತೇರ್ಗಡೆಗೆ ಶೇ 35 ಬೇಕಿದ್ದಾಗಿನ ಗೆರೆ; ಈಗಿನ ಕನಿಷ್ಠ ಅಂಕ ಬೇರೆಯಿದ್ದರೆ L3 ಒಂದನ್ನು ತಿದ್ದಿದರೆ ಆಯಿತು, ಫಾರ್ಮುಲಾ ಮುಟ್ಟಬೇಕಾಗಿಲ್ಲ. ಒಂದರೊಳಗೊಂದು IF ಹೆಣೆಯುವುದಕ್ಕಿಂತ ಪಟ್ಟಿ ನನಗೆ ಇಷ್ಟವಾಗುವುದು ಇದಕ್ಕೇ.

I2ರಲ್ಲಿ ಬರೆಯಬೇಕಾದದ್ದು:

```
=VLOOKUP(H2,$L$2:$M$8,2,TRUE)
```

ಕೊನೆಯ TRUE ಎಂದರೆ "ಸರಿಯಾಗಿ ಅದೇ ಅಂಕ ಸಿಗದಿದ್ದರೆ ಅದಕ್ಕಿಂತ ಕೆಳಗಿನ ಹತ್ತಿರದ ಗೆರೆ ಹಿಡಿ" ಎಂದು. 560ಕ್ಕೆ 500 ಸಿಗುತ್ತದೆ, A ಬರುತ್ತದೆ. ಅಲ್ಲಿ FALSE ಬರೆದರೆ ತಾಳೆಯಾಗುವ ಅಂಕವೇ ಬೇಕು. ಹಾಗಾಗಿ 500, 563 ಹೀಗೆ ಗೆರೆಯ ಮೇಲೇ ನಿಂತವರಿಗೆ ಗ್ರೇಡ್, ಉಳಿದ ಇಡೀ ತರಗತಿಗೆ #N/A.

ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಇರಲೇಬೇಕು. ನಮಗೆಲ್ಲ A+ ಮೇಲೆ ಬರೆಯುವ ಅಭ್ಯಾಸ, ಅಲ್ಲೇ ಎಡವಟ್ಟು. TRUE ಇದ್ದಾಗ ಎಕ್ಸೆಲ್ ಮೇಲಿನಿಂದ ಒಂದೊಂದೇ ಸಾಲು ಓದುವುದಿಲ್ಲ. ನಿಘಂಟನ್ನು ನಡುವೆ ತೆರೆದು ಹಿಂದೆ ಹೋಗಬೇಕೋ ಮುಂದೆ ಹೋಗಬೇಕೋ ಎಂದು ನೋಡುವ ಹಾಗೆ, ನಡುವಿನ ಸಾಲಿಗೆ ಹೋಗಿ ಅರ್ಧ ಪಟ್ಟಿಯನ್ನು ಕೈಬಿಡುತ್ತದೆ. 563 ಮೇಲೆ, 0 ಕೆಳಗೆ ಇಟ್ಟು 560 ಹುಡುಕಿಸಿ: ನಡುವೆ ಸಿಗುವುದು 375, ಅದು 560ಕ್ಕಿಂತ ಚಿಕ್ಕದು, ಹಾಗಾದರೆ ಉತ್ತರ ಇನ್ನೂ ಕೆಳಗಿದೆ ಎಂದು ಇಳಿಯುತ್ತ ಕೊನೆಗೆ 0 ಸಾಲಿಗೆ ಬಂದು ನಿಲ್ಲುತ್ತದೆ. 340 ಬಂದವನಿಗೆ 375 ದೊಡ್ಡದು, ಮೇಲಕ್ಕೆ ಹೋದರೆ ಇನ್ನೂ ದೊಡ್ಡವೇ ಇವೆ, #N/A. ಜಾಣರಿಗೆಲ್ಲ "--", ಉಳಿದವರಿಗೆ #N/A ಕಂಡರೆ ಪಟ್ಟಿ ತಲೆಕೆಳಗಾಗಿದೆ ಎಂದೇ ತಿಳಿಯಿರಿ.

ಡಾಲರ್ ಗುರುತು ಮರೆತರೆ ತಪ್ಪು ಬೇರೆ ರೂಪದಲ್ಲಿ ಕಾಣುತ್ತದೆ. ಫಾರ್ಮುಲಾ ಕೆಳಗೆ ಎಳೆದಂತೆ ಪಟ್ಟಿಯೂ ಒಂದೊಂದು ಸಾಲು ಜಾರುತ್ತದೆ. ಮೊದಲ ಕೆಲವು ಮಕ್ಕಳಿಗೆ ಸರಿಯಾಗೇ ಇರುತ್ತದೆ, ಅದಕ್ಕೇ ಇದು ಮೋಸ ಮಾಡುವುದು. ಏಳನೇ ಮಗುವಿಗೆ ಬರುವ ಹೊತ್ತಿಗೆ ಪಟ್ಟಿಯಲ್ಲಿ ಉಳಿದಿರುವುದು 563 ಸಾಲೊಂದೇ. 540 ಬಂದಿದ್ದರೂ #N/A.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು. ಗೈರಾದವರಿಗೆ AB ಎಂದು ಬರೆಯುತ್ತೀರಲ್ಲ, SUM ಅದನ್ನು ಸದ್ದಿಲ್ಲದೆ ಬಿಟ್ಟು ಉಳಿದ ಐದು ವಿಷಯ ಕೂಡಿಸುತ್ತದೆ, ಅದಕ್ಕೂ ಒಂದು ಗ್ರೇಡ್ ಬಂದುಬಿಡುತ್ತದೆ. ಬೇರೆ ಶಿಕ್ಷಕರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೈಲಿನಿಂದ ಅಂಟಿಸಿದ ಅಂಕ ಕೆಲವೊಮ್ಮೆ ಅಕ್ಷರವಾಗಿ ಬಂದಿರುತ್ತದೆ, ಸೆಲ್‌ನ ಎಡಕ್ಕೆ ಒತ್ತಿಕೊಂಡು ಕೂತಿರುತ್ತದೆ. ಅದನ್ನೂ SUM ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡಕ್ಕೂ ಒಂದೇ ಕಾವಲು:

```
=IF(COUNT(B2:G2)<6,"ನೋಡಿ",VLOOKUP(H2,$L$2:$M$8,2,TRUE))
```

COUNT ನಿಜವಾದ ಅಂಕಿಗಳನ್ನು ಮಾತ್ರ ಎಣಿಸುತ್ತದೆ. ಆರು ಇಲ್ಲದಿದ್ದರೆ ಗ್ರೇಡ್ ಬದಲು "ನೋಡಿ" ಎಂದು ಬರುತ್ತದೆ, ನೀವು ಹೋಗಿ ನೋಡುತ್ತೀರಿ. ಅಕ್ಷರವಾದ ಅಂಕಗಳಿದ್ದರೆ ಆ ಕಾಲಂ ಆಯ್ದು Data ಮೆನುವಿನ Text to Columns ತೆರೆದು ನೇರ Finish ಒತ್ತಿ, ಸಾಮಾನ್ಯವಾಗಿ ಅಂಕಿಯಾಗುತ್ತವೆ.

ಆದರೂ ಈ ಫಾರ್ಮುಲಾ ಪಾಸು, ಫೇಲು ಹೇಳುವುದಿಲ್ಲ. ಗಣಿತದಲ್ಲಿ 12 ತೆಗೆದು ಒಟ್ಟು 400 ಮಾಡಿದವನಿಗೂ ಇದು B ಕೊಡುತ್ತದೆ. ವಿಷಯವಾರು ಕನಿಷ್ಠ ಅಂಕ ನೋಡುವ ಫಲಿತಾಂಶದ ಕಾಲಂ ಬೇರೆಯೇ ಇರಲಿ, ಗ್ರೇಡನ್ನು ಅದರ ಜೊತೆಗೇ ಓದಿ.

ಹೊಸ ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ XLOOKUP ಇದೆ. ಅದರ ಐದನೇ ಜಾಗದಲ್ಲಿ -1 ಕೊಟ್ಟರೆ ಪಟ್ಟಿ ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ. ಆದರೆ ಎಕ್ಸೆಲ್ 2016, 2019ರಲ್ಲಿ ಅದು ಇಲ್ಲ. ಶಾಲೆಯ ಕಂಪ್ಯೂಟರ್ ಹಳೆಯದಾಗಿದ್ದರೆ VLOOKUP ಸಾಕು.

ಪಟ್ಟಿ ಮುಖ್ಯೋಪಾಧ್ಯಾಯರಿಗೆ ಕೊಡುವ ಮುಂಚೆ ಶೀಟಿನ ಒಂದು ನಕಲು ಮಾಡಿ, ಆರೂ ವಿಷಯದ ಅಂಕವಿರುವ ಸಾಲುಗಳ H ಕಾಲಂನಲ್ಲಿ 562, 563, 499, 500, 218, 219 ಎಂದು ಕೈಯಿಂದಲೇ ಹಾಕಿ ನೋಡಿ. A, A+, B+, A, --, C ಎಂದು ಇದೇ ಕ್ರಮದಲ್ಲಿ ಬರಬೇಕು.